ಬೆಂಕಿ ಚಿತ್ರದ ಕೆಳಗಿನ ಆ ಸೊನ್ನೆ

ಪ್ರಶ್ನೆ: ಸರ್, ನಮ್ದು ತೀರ್ಥಹಳ್ಳಿ ಹತ್ರ ಅಡಿಕೆ ತೋಟ, ಈ ವರ್ಷ ಶಿವಮೊಗ್ಗದಲ್ಲಿ ಬಿಎಸ್ಸಿಗೆ ಸೇರಿದೀನಿ. ಲ್ಯಾಬಿಗೆ ಬಿಡೋಕ್ ಮುಂಚೆ ಒಂದು ಕ್ವಿಜ್ ಕೊಟ್ರು. ಕೆಮಿಕಲ್ ಬಾಟಲಿ ಮೇಲೆ ಹಾಕೋ ಬರೀ ಬೆಂಕಿ ಇರೋ ಚಿತ್ರ, ಸೊನ್ನೆ ಮೇಲೆ ಬೆಂಕಿ ಇರೋ ಚಿತ್ರ, ಎರಡಕ್ಕೂ "ಬೇಗ ಬೆಂಕಿ ಹತ್ತೋ ವಸ್ತು" ಅಂತ ಬರ್ದೆ, ಎರಡನೇದು ತಪ್ಪಾಯ್ತು. ಬೀಕರಲ್ಲಿ ಬೆಂಕಿ ಹತ್ತಿದ್ರೆ ವಾಚ್ ಗ್ಲಾಸ್ ಮುಚ್ಚೋದು ಅಂತ ಬರ್ದಿದ್ದು ಒಂದು ಪ್ರಶ್ನೆಗೆ ಸರಿ, ಇನ್ನೊಂದಕ್ಕೆ ತಪ್ಪು. ಯಾಕೆ?

ಉತ್ತರ: ನೋಡಮ್ಮ, ನೀನು ಬೇರೆ ಬೇರೆ ಅಂದ್ಕೊಂಡಿರೋ ಆ ಎರಡು ತಪ್ಪೂ ಒಂದೇ ತಪ್ಪು. ಮೊದಲು ಬರೀ ಬೆಂಕಿ ಚಿತ್ರ ತಗೋ, ಎಥನಾಲ್ ಬಾಟಲಿ ಮೇಲೆ ಇರತ್ತಲ್ಲ ಅದು. ಅದರ ಪಕ್ಕ H225 ಅಂತಾನೂ ಇರತ್ತೆ, ಅಂದ್ರೆ ಇದರ ದ್ರವ, ಆವಿ ಎರಡೂ ಬಹಳ ಬೇಗ ಹತ್ಕೊಳತ್ತೆ ಅಂತ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದ್ರೆ ಹತ್ಕೊಳ್ಳೋವಷ್ಟು ಆವಿ ಎಥನಾಲಿಂದ ಏಳತ್ತೆ, ನಮ್ಮ ಡಿಸೆಂಬರ್ ಚಳೀಲೂ ಲ್ಯಾಬ್ ಒಳಗೆ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗೇ ಇರತ್ತೆ, ಹಂಗಾಗಿ ಚಳಿ ಇದೆ ಏನಾಗಲ್ಲ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಆದ್ರೆ ಎಥನಾಲ್ ಉರಿಯೋಕೆ ಗಾಳೀಲಿರೋ ಆಕ್ಸಿಜನ್ ಬೇಕೇ ಬೇಕು. ಸಣ್ಣ ಬೀಕರಲ್ಲಿ ಹತ್ಕೊಂಡ್ರೆ ವಾಚ್ ಗ್ಲಾಸನ್ನ ಬದಿಯಿಂದ ಜಾರಿಸಿ ಮುಚ್ಚಿದ್ರೆ ಗಾಳಿ ನಿಂತು ಬೆಂಕಿ ಆರತ್ತೆ. ಸ್ಪಿರಿಟ್ ಲ್ಯಾಂಪನ್ನ ಊದಿ ಆರಿಸ್ಬೇಡಿ, ಮುಚ್ಚಳ ಹಾಕಿ ಅಂತ ಹೇಳೋದೂ ಇದೇ ಲೆಕ್ಕದ ಮೇಲೆ. ಒಂದು ವಿಷಯ ನೆನಪಿಟ್ಕೋ, ಎಥನಾಲ್ ಉರಿ ತಿಳಿ ನೀಲಿ, ಹಗಲು ಬೆಳಕಲ್ಲಿ ಸರಿಯಾಗಿ ಕಾಣ್ಸೋದೇ ಇಲ್ಲ, ಆರಿದೆ ಅಂದ್ಕೊಂಡು ತಕ್ಷಣ ಮುಚ್ಚಳ ತೆಗೀಬೇಡ.

ಇನ್ನು ಸೊನ್ನೆ ಮೇಲಿನ ಬೆಂಕಿ. ಪೊಟ್ಯಾಶಿಯಂ ಪರ್ಮಾಂಗನೇಟ್ ಬಾಟಲಿ ನೋಡು, ಅಲ್ಲಿ H272 ಇರತ್ತೆ. ಇದು ತಾನಾಗಿ ಉರಿಯೋ ವಸ್ತು ಅಲ್ಲ, ಬೇರೆಯವರ ಬೆಂಕಿಗೆ ಆಕ್ಸಿಜನ್ ಊಡಿಸೋ ವಸ್ತು, ಆಕ್ಸಿಡೈಸರ್ ಅಂತೀವಿ. ಆ ಸೊನ್ನೆಯನ್ನ ಇಂಗ್ಲಿಷಿನ 'ಓ' ಅಂತ ಓದ್ಕೋ, ಆಕ್ಸಿಜನ್ನಿನ ಓ, ಆಮೇಲೆ ಮರೆಯಲ್ಲ. ಈ ಹರಳನ್ನ ಟೆಸ್ಟ್ ಟ್ಯೂಬಲ್ಲಿ ಕಾಯಿಸಿ ಬಾಯಿ ಹತ್ರ ಕೆಂಡದ ಕಡ್ಡಿ ಹಿಡಿದ್ರೆ ಕಡ್ಡಿ ಭಗ್ ಅಂತ ಹೊತ್ಕೊಳತ್ತೆ, ಹರಳಿನ ಒಳಗಿದ್ದ ಆಕ್ಸಿಜನ್ನೇ ಹೊರಗೆ ಬಂದಿರೋದು. ಈಗ ನಿನ್ನ ಎರಡನೇ ಪ್ರಶ್ನೆ ತಾನಾಗೇ ಬಿಡಿಸ್ಕೊಳತ್ತೆ ನೋಡು. ಬೀಕರೊಳಗೆ ಆಕ್ಸಿಡೈಸರ್ ಸೇರಿದ್ರೆ ವಾಚ್ ಗ್ಲಾಸ್ ಮುಚ್ಚಿ ಹೊರಗಿನ ಗಾಳಿ ನಿಲ್ಲಿಸಿ ಏನ್ ಪ್ರಯೋಜನ, ಆಕ್ಸಿಜನ್ ಒಳಗೇ ಇದೆ! ಮರಳು ಮುಚ್ಚಿದ್ರೂ ಅಷ್ಟೇ. ಅಲ್ಲಿ ಬೇಕಾಗೋದು ಧಾರಾಳ ನೀರು, ಬಿಸಿ ಇಳಿಸೋಕೆ. ನೀನಂತೂ ಕೈ ಹಾಕೋಕೆ ಹೋಗದೆ ಹಿಂದೆ ಸರಿದು ಲ್ಯಾಬಲ್ಲಿರೋರನ್ನ ಕೂಗು.

ನನ್ನ ಕಣ್ಣೆದುರಿಗೇ ಆಗಿದ್ದು ಒಂದು ಹೇಳ್ತೀನಿ, ಯಾವ ಕಾಲೇಜು ಅಂತ ಬೇಡ. ರಬ್ಬರ್ ಕಾರ್ಕಿನೊಳಗೆ ಗಾಜಿನ ನಳಿಗೆ ಸಲೀಸಾಗಿ ಜಾರ್ಲಿ ಅಂತ ಗ್ಲಿಸರಿನ್ ಹಚ್ತೀವಲ್ಲ, ಒಬ್ಬ ಹುಡುಗ ಹಂಗೆ ಹಚ್ಚಿ ಕೈ ಒರೆಸಿದ ಟಿಶ್ಯೂ ಪೇಪರನ್ನ ಡಸ್ಟ್‌ಬಿನ್ನಿಗೆ ಹಾಕ್ದ, ಪಕ್ಕದ ಟೇಬಲಿನೋಳು ಚೆಲ್ಲಿದ್ದ ಪರ್ಮಾಂಗನೇಟ್ ಹರಳನ್ನ ಒಣ ಪೇಪರಲ್ಲೇ ಬಳಿದು ಅದೇ ಬಿನ್ನಿಗೆ ಹಾಕಿದ್ಲು, ಸ್ವಲ್ಪ ಹೊತ್ತಿಗೆ ಹೊಗೆ ಬಂತು, ಆಮೇಲೆ ಉರಿ. ಬೆಂಕಿಕಡ್ಡಿ, ಬರ್ನರ್ ಏನೂ ಹತ್ರ ಇರ್ಲಿಲ್ಲ. ಗ್ಲಿಸರಿನ್, ಪರ್ಮಾಂಗನೇಟ್ ಸೇರಿದ್ರೆ ತಾವೇ ಬಿಸಿಯಾಗಿ ಹತ್ಕೊಳ್ತವೆ, ಆದ್ರೆ ಕೂಡ್ಲೇ ಅಲ್ಲ, ಸ್ವಲ್ಪ ತಡೆದು, ಆ ತಡವೇ ಅಪಾಯ ಯಾಕಂದ್ರೆ ಅಷ್ಟೊತ್ತಿಗೆ ಎಲ್ರೂ ಬೇರೆ ಕೆಲಸಕ್ಕೆ ತಿರುಗಿರ್ತಾರೆ. ಆ ಹುಡುಗಿ ಬಾಟಲಿ ಮೇಲಿನ ಸೊನ್ನೆ ನೋಡಿದ್ರೆ ಪೇಪರ್ ಮುಟ್ತಿರ್ಲಿಲ್ಲ, ಹರಳನ್ನ ಮೆಲ್ಲಗೆ ಗಾಜಿನ ಪಾತ್ರೆಗೆ ಎತ್ಕೊಂಡು ಉಳಿದಿದ್ದನ್ನ ಜಾಸ್ತಿ ನೀರಲ್ಲಿ ಒರೆಸ್ತಿದ್ಲು. ಪೇಪರ್, ಹತ್ತಿ, ಮರದ ಹೊಟ್ಟು ಎಲ್ಲಾ ಅದಕ್ಕೆ ಸೌದೆ ಇದ್ದಂಗೆ. ಕಪಾಟಲ್ಲೂ ಈ ಎರಡು ಚಿತ್ರದ ಬಾಟಲಿ ಅಕ್ಕಪಕ್ಕ ಇಡಬಾರ್ದು, ಕ್ವಿಜ್‌ನಲ್ಲಿ ಇದನ್ನೂ ಕೇಳ್ತಾರೆ.

ತೋಟದ ಮನೆಯೋಳು ಅಂದ್ಯಲ್ಲ, ಡ್ರಿಪ್ಪಲ್ಲಿ ಬಿಡೋ 13-0-45 ಗೊಬ್ಬರ ನಿಮ್ಮಲ್ಲೂ ಇದ್ರೆ, ಅದು ಪೊಟ್ಯಾಶಿಯಂ ನೈಟ್ರೇಟ್, ಇದೇ ಸೊನ್ನೆಯ ಜಾತಿ. ಸಾಗಾಣಿಕೆ ಗುರುತು ಹಾಕಿದ್ರೆ ಹಳದಿ ಡೈಮಂಡಿನೊಳಗೆ ಇದೇ ಚಿತ್ರ, ಕೆಳಗೆ 5.1 ಅಂತ ಇರತ್ತೆ. ಈ ಸಲ ಊರಿಗೆ ಹೋದಾಗ ಆ ಚೀಲ ಎಲ್ಲಿದೆ ನೋಡು. ವೀಡ್ ಕಟ್ಟರಿನ ಪೆಟ್ರೋಲ್ ಕ್ಯಾನು, ಒಣಗಿದ ಅಡಿಕೆ ಸಿಪ್ಪೆ ಪಕ್ಕದಲ್ಲೇ ಇದ್ರೆ ಅಪ್ಪನಿಗೆ ಹೇಳಿ ಅವತ್ತೇ ಬೇರೆ ಕಡೆ ಇಡ್ಸು.