ಆಪ್-ಆಂಪ್ ವೈವಾ: ಎರಡನೇ ಪಿನ್ನಿನ ಮೇಲೆ ಪ್ರೋಬ್ ಇಟ್ಟು ನೋಡಿ

ಪ್ರಶ್ನೆ: ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ, ಇನ್ನೇನು ಲ್ಯಾಬ್ ಪರೀಕ್ಷೆ ಬಂತು. ಸರ್ಕ್ಯೂಟ್ ಜೋಡಿಸುವುದು ಬರುತ್ತದೆ, ಔಟ್‌ಪುಟ್ ಕೂಡ ಬರುತ್ತದೆ. ಆದರೆ ವೈವಾದಲ್ಲಿ ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ. ಆಪ್-ಆಂಪ್ ಪ್ರಯೋಗ ಬಂದರೆ ಏನು ಕೇಳುತ್ತಾರೆ? ಸೀನಿಯರ್‌ಗಳು ಯಾರಾದರೂ ಹೇಳಿ.

ನಾನೂ ಹಾಸನದಲ್ಲೇ ಅಂತಿಮ ವರ್ಷದಲ್ಲಿದ್ದೇನೆ. ಮೊನ್ನೆ ನಮ್ಮ ಕಾಲೇಜಿನ ಜೂನಿಯರ್‌ಗಳನ್ನು ಲ್ಯಾಬಿನಲ್ಲಿ ಸುತ್ತ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರಿಸುತ್ತಾರೆ. ಗೇನ್ ಎಷ್ಟು, ಸೂತ್ರ ಏನು, 741ರ ಯಾವ ಪಿನ್ನಿಗೆ ಏನು ಕೊಟ್ಟಿದ್ದೀರಿ, ಇಷ್ಟೇ. ಪರೀಕ್ಷಕರು ನಿಜವಾಗಿ ನೋಡುವುದು ಅದರ ನಂತರದ ಪ್ರಶ್ನೆಯನ್ನು. ಇನ್ವರ್ಟಿಂಗ್ ಆಂಪ್ಲಿಫೈಯರ್ ಆದರೆ ಆ ಪ್ರಶ್ನೆ ಬಹಳ ಸಲ ಎರಡನೇ ಪಿನ್ನಿನ ಸುತ್ತಲೇ ತಿರುಗುತ್ತದೆ: "ಅಲ್ಲಿ ಎಷ್ಟು ವೋಲ್ಟ್ ಇದೆ ಹೇಳಪ್ಪಾ?" ವರ್ಚುವಲ್ ಗ್ರೌಂಡ್, ಸೊನ್ನೆ ವೋಲ್ಟ್ ಎನ್ನುತ್ತೇವೆ. "ಯಾಕೆ ಸೊನ್ನೆ?" ಎಂದಾಗ ಮೌನ. ಆದ್ದರಿಂದ ನಾನು ಆ ಒಂದು ಪಿನ್ನನ್ನೇ ಹಿಡಿದುಕೊಳ್ಳುತ್ತೇನೆ. ಅದು ತಿಳಿದರೆ ಉಳಿದ ಮುಕ್ಕಾಲು ಪ್ರಶ್ನೆಗಳು ಅದರಿಂದಲೇ ಬಿಡಿಸಿಕೊಳ್ಳುತ್ತವೆ.

ನಮ್ಮ ಬ್ರೆಡ್‌ಬೋರ್ಡಿನ ಸರ್ಕ್ಯೂಟನ್ನೇ ತೆಗೆದುಕೊಳ್ಳಿ. ಇನ್‌ಪುಟ್ ಕಡೆ 1 ಕಿಲೋಓಮ್, ಔಟ್‌ಪುಟ್‌ನಿಂದ ಎರಡನೇ ಪಿನ್ನಿಗೆ 10 ಕಿಲೋಓಮ್, ಮೂರನೇ ಪಿನ್ ಗ್ರೌಂಡಿಗೆ, ಸಪ್ಲೈ ±15 ವೋಲ್ಟ್. ಇನ್‌ಪುಟ್‌ಗೆ 1 ವೋಲ್ಟ್ ಡಿಸಿ ಕೊಟ್ಟರೆ ಔಟ್‌ಪುಟ್ −10 ವೋಲ್ಟ್. 741ರ ಓಪನ್ ಲೂಪ್ ಗೇನ್ ಸಾಮಾನ್ಯವಾಗಿ 2 ಲಕ್ಷದಷ್ಟು. ಅಂದರೆ ಔಟ್‌ಪುಟ್‌ನಲ್ಲಿ 10 ವೋಲ್ಟ್ ಬರಲು ಎರಡು ಮತ್ತು ಮೂರನೇ ಪಿನ್‌ಗಳ ನಡುವೆ ಬೇಕಾಗುವ ವ್ಯತ್ಯಾಸ 50 ಮೈಕ್ರೋವೋಲ್ಟ್ ಮಾತ್ರ. ಮೂರನೆಯದು ಗ್ರೌಂಡಿನಲ್ಲಿದೆ, ಹಾಗಾಗಿ ಎರಡನೆಯದೂ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಅದನ್ನು ಅಲ್ಲಿ ನಿಲ್ಲಿಸುತ್ತಿರುವುದು ಔಟ್‌ಪುಟ್, 10 ಕಿಲೋಓಮ್‌ನ ಮೂಲಕ. ಇನ್‌ಪುಟ್‌ನಿಂದ ಬಂದ 1 ಮಿಲಿಆಂಪಿಯರ್ ಪಿನ್ನಿನೊಳಗೆ ಹೋಗುವುದಿಲ್ಲ. ಅದು 10 ಕಿಲೋಓಮ್ ದಾಟಿ ಔಟ್‌ಪುಟ್ ಕಡೆಗೇ ಹರಿಯುತ್ತದೆ.

ಇಷ್ಟು ಹೇಳಿದ ಮೇಲೆ ಬರಬಹುದಾದ ಪ್ರಶ್ನೆ ನನಗೆ ಬಹಳ ಇಷ್ಟ. "ಎರಡನೇ ಪಿನ್ ಹೇಗೂ ಸೊನ್ನೆಯಲ್ಲಿದೆಯಲ್ಲ, ಒಂದು ವೈರ್ ಹಾಕಿ ಗ್ರೌಂಡಿಗೆ ಸೇರಿಸಿಬಿಡಲೇ?" ಸೇರಿಸಿದರೆ ಸರ್ಕ್ಯೂಟ್ ಸತ್ತಂತೆ. ಆಗ ಪಿನ್ನಿನ ವೋಲ್ಟೇಜನ್ನು ಹಿಡಿದಿರುವುದು ವೈರ್, ಔಟ್‌ಪುಟ್‌ಗೆ ಅದರ ಮೇಲೆ ಹಿಡಿತವೇ ಇಲ್ಲ. ಒಳಗಿನ ಆಫ್‌ಸೆಟ್ 1 ಮಿಲಿವೋಲ್ಟ್ ಇದ್ದರೂ 2 ಲಕ್ಷ ಪಟ್ಟು ಬೆಳೆದು ಔಟ್‌ಪುಟ್ ಯಾವುದಾದರೂ ಒಂದು ಸಪ್ಲೈ ಕಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಅಂದ ಹಾಗೆ, ಮಲ್ಟಿಮೀಟರ್ ಹಿಡಿದರೆ ಎರಡನೇ ಪಿನ್ನಿನಲ್ಲಿ 50 ಮೈಕ್ರೋವೋಲ್ಟ್ ಕಾಣುತ್ತದೆ ಎಂದುಕೊಳ್ಳಬೇಡಿ. ಈ ಆಫ್‌ಸೆಟ್‌ನ ಕಾರಣದಿಂದ ಒಂದೆರಡು ಮಿಲಿವೋಲ್ಟ್ ಕಂಡರೆ ಅದು ಸಹಜ.

ಈಗ ವರ್ಚುವಲ್ ಗ್ರೌಂಡ್ ಯಾವಾಗ ಮುರಿಯುತ್ತದೆ ಎಂಬುದು. ಪರೀಕ್ಷೆಗೆ ಮುಂಚೆ ಲ್ಯಾಬ್ ತೆರೆದಿದ್ದರೆ ಇದನ್ನು ಕೈಯಾರೆ ಮಾಡಿ ನೋಡಿ. ಇನ್‌ಪುಟ್ ಡಿಸಿಯನ್ನು 2 ವೋಲ್ಟಿಗೆ ಏರಿಸಿ. ಸೂತ್ರದ ಪ್ರಕಾರ −20 ಬರಬೇಕು, ಆದರೆ ±15 ಸಪ್ಲೈಯಲ್ಲಿ ಅದು ಅಸಾಧ್ಯ. ಔಟ್‌ಪುಟ್ ಸುಮಾರು −13ಕ್ಕೆ ನಿಂತುಬಿಡುತ್ತದೆ. ಈಗ ಎರಡನೇ ಪಿನ್ನಿನಲ್ಲಿ ಎಷ್ಟು? ಒಂದು ತುದಿಯಲ್ಲಿ +2, ಇನ್ನೊಂದು ತುದಿಯಲ್ಲಿ −13, ನಡುವೆ ಒಟ್ಟು 11 ಕಿಲೋಓಮ್. 15 ವೋಲ್ಟನ್ನು 11 ಕಿಲೋಓಮ್‌ನಿಂದ ಭಾಗಿಸಿದರೆ 1.36 ಮಿಲಿಆಂಪಿಯರ್. ಅದು 1 ಕಿಲೋಓಮ್‌ನಲ್ಲಿ 1.36 ವೋಲ್ಟ್ ಇಳಿಸುತ್ತದೆ, ಪಿನ್ನಿನಲ್ಲಿ 0.64 ವೋಲ್ಟ್ ಉಳಿಯುತ್ತದೆ. ಮಲ್ಟಿಮೀಟರ್ ಅದರ ಆಸುಪಾಸಿನಲ್ಲೇ ತೋರಿಸುತ್ತದೆ. ಔಟ್‌ಪುಟ್‌ಗೆ ಇನ್ನೂ ಕೆಳಗೆ ಹೋಗಲು ಜಾಗವಿಲ್ಲದ ಕಾರಣ ಪಿನ್ನನ್ನು ಸೊನ್ನೆಗೆ ಎಳೆಯಲು ಆಗಲಿಲ್ಲ. "ಸ್ಯಾಚುರೇಷನ್‌ನಲ್ಲಿ ವರ್ಚುವಲ್ ಗ್ರೌಂಡ್ ಇರುತ್ತದೆಯೇ?" ಎಂದು ಕೇಳಿದರೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. ಬಾಯಿಪಾಠ ಮಾಡಿದವರು ಹೀಗೆ ಬರೆಯಲಾರರು, ಅದು ಪರೀಕ್ಷಕರಿಗೆ ಗೊತ್ತು.

ಎರಡನೆಯದು ವೇಗದ ಮಿತಿ. 1 ವೋಲ್ಟ್ ಪೀಕ್ ಸೈನ್ ಅಲೆ ಕೊಟ್ಟು ಸಿಆರ್‌ಒದಲ್ಲಿ ನೋಡಿ. 1 ಕಿಲೋಹರ್ಟ್ಸ್‌ನಲ್ಲಿ ಔಟ್‌ಪುಟ್ 10 ವೋಲ್ಟ್ ಪೀಕ್, ಚೆಂದದ ಸೈನ್. ಎರಡನೇ ಚಾನೆಲ್‌ನ ಪ್ರೋಬನ್ನು ಎರಡನೇ ಪಿನ್ನಿಗೆ ಹಿಡಿದರೆ, 0.5 ವೋಲ್ಟ್ ಸ್ಕೇಲಿನಲ್ಲಿ ಹೆಚ್ಚುಕಡಿಮೆ ನೇರ ಗೆರೆ. ಆವರ್ತನವನ್ನು 20 ಕಿಲೋಹರ್ಟ್ಸ್‌ಗೆ ಒಯ್ದರೆ ಔಟ್‌ಪುಟ್ ತ್ರಿಕೋನವಾಗುತ್ತದೆ, ಎತ್ತರವೂ ಇಳಿಯುತ್ತದೆ. ನೇರ ಗೆರೆಯಂತಿದ್ದ ಎರಡನೇ ಪಿನ್ನಿನಲ್ಲಿ ನೂರಾರು ಮಿಲಿವೋಲ್ಟಿನ ಅಲೆ ಎದ್ದು ಕಾಣುತ್ತದೆ.

ಇಲ್ಲಿ ಅನೇಕರು "ಬ್ಯಾಂಡ್‌ವಿಡ್ತ್ ಸಾಲದು" ಎಂದು ಹೇಳಿ ಸಿಕ್ಕಿಬೀಳುತ್ತಾರೆ. 741ರ ಗೇನ್-ಬ್ಯಾಂಡ್‌ವಿಡ್ತ್ ಸುಮಾರು 1 ಮೆಗಾಹರ್ಟ್ಸ್. ಈ ಸರ್ಕ್ಯೂಟಿಗೆ ಅದನ್ನು 11ರಿಂದ ಭಾಗಿಸಿದರೆ 90 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ. 20 ಅದಕ್ಕಿಂತ ಬಹಳ ಕೆಳಗಿದೆ. ನಿಜವಾದ ಕಾರಣ ಸ್ಲೂ ರೇಟ್. 741ರ ಔಟ್‌ಪುಟ್ ಒಂದು ಮೈಕ್ರೋಸೆಕೆಂಡಿಗೆ ಸುಮಾರು 0.5 ವೋಲ್ಟ್‌ಗಿಂತ ಬೇಗ ಏರಲಾರದು, ಇಳಿಯಲಾರದು. ಸೈನ್ ಅಲೆಯ ಅತಿ ಹೆಚ್ಚಿನ ಇಳಿಜಾರು 2πfV. 10 ವೋಲ್ಟ್ ಪೀಕ್‌ಗೆ ಲೆಕ್ಕ ಹಾಕಿದರೆ 8 ಕಿಲೋಹರ್ಟ್ಸ್ ಹತ್ತಿರವೇ ಮಿತಿ ಮುಟ್ಟುತ್ತದೆ. 20 ಕಿಲೋಹರ್ಟ್ಸ್‌ನಲ್ಲಿ ಅರ್ಧ ಆವರ್ತಕ್ಕೆ ಸಿಗುವುದು 25 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಔಟ್‌ಪುಟ್ ಕ್ರಮಿಸಬಹುದಾದದ್ದು 12.5 ವೋಲ್ಟ್. ಹಾಗಾಗಿ 20 ವೋಲ್ಟ್ ಪೀಕ್-ಟು-ಪೀಕ್ ಇರಬೇಕಾದ ಕಡೆ ಸುಮಾರು 12.5ರ ತ್ರಿಕೋನ.

"ಸ್ಲೂ ರೇಟೇ ಎಂದು ಹೇಗೆ ಹೇಳುತ್ತೀಯ?" ಎಂದರೆ ಫಂಕ್ಷನ್ ಜನರೇಟರಿಗೆ ಕೈ ಹಾಕಿ. ಆವರ್ತನ 20 ಕಿಲೋಹರ್ಟ್ಸ್‌ನಲ್ಲೇ ಇರಲಿ, ಇನ್‌ಪುಟ್ ಮಾತ್ರ 0.1 ವೋಲ್ಟಿಗೆ ಇಳಿಸಿ. 1 ವೋಲ್ಟ್ ಪೀಕ್‌ನ ಶುದ್ಧ ಸೈನ್ ಮರಳಿ ಬರುತ್ತದೆ, ಗೇನ್ ಮತ್ತೆ 10. ಬ್ಯಾಂಡ್‌ವಿಡ್ತ್ ತೊಂದರೆಯಾಗಿದ್ದರೆ ಇನ್‌ಪುಟ್ ಕಡಿಮೆ ಮಾಡಿದರೂ ಗೇನ್ ಕುಸಿದೇ ಇರುತ್ತಿತ್ತು, ಅಲೆಯೂ ತ್ರಿಕೋನವಾಗದೆ ಗಿಡ್ಡ ಸೈನ್ ಆಗಿರುತ್ತಿತ್ತು. ಐದು ನಿಮಿಷ ಮಾತನಾಡುವುದಕ್ಕಿಂತ ಆ ಒಂದು ನಾಬ್ ತಿರುಗಿಸಿ ತೋರಿಸುವುದು ಮೇಲು. "ಸರ್, ಒಮ್ಮೆ ತೋರಿಸಲೇ?" ಎಂದು ಕೇಳಲು ಸಂಕೋಚ ಬೇಡ.

ಕೊನೆಯದಾಗಿ, ಚೀಟಿಯಲ್ಲಿ ಷ್ಮಿಟ್ ಟ್ರಿಗರ್ ಬಂದವರಿಗೆ. ಅಲ್ಲಿ ಫೀಡ್‌ಬ್ಯಾಕ್ ಹೋಗುವುದು ಮೂರನೇ ಪಿನ್ನಿಗೆ, ಅದು ಪಾಸಿಟಿವ್. ಎರಡೂ ಪಿನ್ನುಗಳು ಒಂದೇ ವೋಲ್ಟೇಜಿನಲ್ಲಿವೆ ಎಂದು ಹಿಡಿದು ಲೆಕ್ಕ ಶುರು ಮಾಡಬೇಡಿ. ಅದೇ 10 ಮತ್ತು 1 ಕಿಲೋಓಮ್ ಹಾಕಿ ಔಟ್‌ಪುಟ್ +13ರಲ್ಲಿದ್ದರೆ ಮೂರನೇ ಪಿನ್ನಿನಲ್ಲಿ 13ರ ಹನ್ನೊಂದನೇ ಒಂದು ಭಾಗ, ಅಂದರೆ 1.18 ವೋಲ್ಟ್ ಇರುತ್ತದೆ. ಎರಡನೇ ಪಿನ್ನಿನಲ್ಲಿ ನೀವು ಕೊಟ್ಟ ಇನ್‌ಪುಟ್ ಎಷ್ಟಿದೆಯೋ ಅಷ್ಟೇ. ಇನ್‌ಪುಟ್ 1.18 ದಾಟಿದ ಕ್ಷಣ ಔಟ್‌ಪುಟ್ −13ಕ್ಕೆ ಹಾರುತ್ತದೆ, ಮೂರನೇ ಪಿನ್ −1.18ಕ್ಕೆ ಇಳಿಯುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಯುಟಿಪಿ, ಎಲ್‌ಟಿಪಿ ಎಂದು ಬರೆದಿರುವುದು ಇವೇ ಎರಡು ಅಂಕಿಗಳನ್ನು.