ಹೆಂಡತಿಯ ಗಾಬರಿ ಮತ್ತು ಪದೇ ಪದೇ ಬರುವ ಫೋನ್

ಪ್ರಶ್ನೆ: ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗ್ತೇನೆ. ಆಕ್ಸಿಡೆಂಟ್ ಆದರೆ ಅಂತ ಹೆಂಡತಿ ದಾರಿಯಲ್ಲೇ ಏಳೆಂಟು ಸಲ ಫೋನ್ ಮಾಡ್ತಾಳೆ. ಎತ್ತದಿದ್ದರೆ ಅಳು. ಏನು ಮಾಡಲಿ?

ಉತ್ತರ: "ಏನೂ ಆಗ್ಲಿಲ್ಲ ಮಾರಾಯ್ತಿ" ಅಂದ ಕೂಡಲೇ ಭಯ ಇಳಿಯುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತು ಕಾದರೆ ಅದು ತಾನಾಗಿಯೇ ಇಳಿಯುತ್ತಿತ್ತು ಎಂಬುದನ್ನು ಮನಸ್ಸು ಕಲಿಯುವುದಿಲ್ಲ. ಇಳಿದದ್ದು ಫೋನಿನಿಂದ ಎಂದೇ ಕಲಿಯುತ್ತದೆ. ಹಾಗಾಗಿ ಮುಲ್ಕಿ ದಾಟುವಷ್ಟರಲ್ಲಿ ಮತ್ತೊಂದು ಕರೆ. ವಾಟ್ಸಾಪ್ ಲೈವ್ ಲೊಕೇಶನ್ ಹಾಕಿಟ್ಟರೂ ಕಥೆ ಅದೇ.

ಹಾಗಂತ ನಾಳೆಯಿಂದಲೇ ಫೋನ್ ಎತ್ತುವುದು ನಿಲ್ಲಿಸಬೇಡಿ. ಇಬ್ಬರೂ ಸಮಾಧಾನದಲ್ಲಿರುವಾಗ ಕೂತು ಮಾತಾಡಿ. ಉದಾಹರಣೆಗೆ, ಮೊದಲ ವಾರ ದಾರಿಯಲ್ಲಿ ನಾಲ್ಕು ಕರೆ, ಆಮೇಲೆ ಎರಡು, ಕೊನೆಗೆ ತಲುಪಿದ ಮೇಲೆ ಒಂದು ಮೆಸೇಜ್. ಸಂಖ್ಯೆಯನ್ನು ಅವರೇ ಹೇಳಲಿ. ನೀವು ಹೇರಿದರೆ ಶಿಕ್ಷೆಯಂತೆ ಕಾಣುತ್ತದೆ.

ಲೆಕ್ಕ ಮೀರಿದ ಕರೆ ಬಂದರೆ ಒಂದೇ ಉತ್ತರ, ಮೆಸೇಜಿನಲ್ಲಿ: "ಹೆದರಿಕೆ ಆಗ್ತಾ ಉಂಟು ಅಂತ ಗೊತ್ತು. ನಿನ್ನಿಂದ ತಡೆದುಕೊಳ್ಳಲಿಕ್ಕೆ ಆಗ್ತದೆ. ತಲುಪಿ ಹೇಳ್ತೇನೆ." ಬಸ್ ನಿಧಾನ ಹೋಗ್ತಿದೆ, ಮಳೆ ಇಲ್ಲ ಎಂಬ ವಿವರ ಬೇಡ.

ಹೆಚ್ಚಿನವರು ಎಡವುವುದು ಇಲ್ಲಿ: ನಾಲ್ಕು ಕರೆ ಬಿಟ್ಟು, ಐದನೆಯದನ್ನು ಸಿಟ್ಟಿನಲ್ಲಿ ಎತ್ತುತ್ತಾರೆ. ಆಗ ಐದು ಸಲ ಮಾಡಿದರೆ ಸಿಗುತ್ತಾರೆ ಎಂಬ ಪಾಠವಾಗುತ್ತದೆ. ಮೊದಲ ಕೆಲವು ದಿನ ಕರೆ ಹೆಚ್ಚಾಗಲೂಬಹುದು, ಅದು ಸೋಲಲ್ಲ.

ನಿದ್ದೆ, ಊಟ, ಮನೆಕೆಲಸ ಕೆಟ್ಟಿದ್ದರೆ ಮನಃಶಾಸ್ತ್ರಜ್ಞರ ಬಳಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ, ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ. ನಂಬರ್ ಅವರೇ ಒತ್ತಲಿ, ನೀವು ಪಕ್ಕದಲ್ಲಿ ಕೂತರೆ ಸಾಕು.