ಶಿಫಾರಸು ಪತ್ರ ಕೇಳಿದ ಮೇಲ್‌ಗೆ ಸರ್ ಉತ್ತರ ಕೊಡ್ತಿಲ್ಲ

"ದಾವಣಗೆರೆಯಲ್ಲಿ ಬಿಇ ಮುಗಿಸಿದ್ದೇನೆ. ಅಮೆರಿಕದಲ್ಲಿ ಎಂಎಸ್‌ಗೆ ಶಿಫಾರಸು ಪತ್ರ ಬೇಕು ಅಂತ ಸರ್‌ಗೆ ಮೇಲ್ ಮಾಡಿ, ಸಾಧನೆಗಳನ್ನೆಲ್ಲ ಬರೆದಿದ್ದೆ. ಉತ್ತರವೇ ಇಲ್ಲ. ಏನು ಮಾಡಲಿ?"

ಬಹುಶಃ ಯಾವಾಗ, ಎಲ್ಲಿಗೆ ಕಳಿಸಬೇಕು ಅನ್ನೋದು ಮೇಲ್‌ನಲ್ಲಿ ಸ್ಪಷ್ಟವಾಗಿಲ್ಲ. ಅಂಥ ಮೇಲ್ 'ಆಮೇಲೆ ನೋಡೋಣ' ಅಂತ ಕೆಳಗೆ ಹೋಗಿಬಿಡುತ್ತದೆ.

ಹೊಸದಾಗಿ ಕಳಿಸಿ. ಸಬ್ಜೆಕ್ಟ್‌ನಲ್ಲೇ ಹೀಗೆ ಹಾಕಿ: 'ಎಂಎಸ್ ಶಿಫಾರಸು ಪತ್ರಕ್ಕೆ ವಿನಂತಿ, ಮೊದಲ ಗಡುವು ಡಿಸೆಂಬರ್ 15'. ಮೊದಲ ಸಾಲಿನಲ್ಲಿ ಬ್ಯಾಚು, ಅವರು ಕಲಿಸಿದ ವಿಷಯ ಇರಲಿ.

ಸಾಧನೆಗಳಲ್ಲಿ ಸರ್ ಕಣ್ಣಾರೆ ಕಂಡ ಎರಡು ಮೂರು ಸಾಕು. 'ಪೈಥಾನ್ ಗೊತ್ತು' ಅಂದರೆ ಅವರಿಗೆ ಬರೆಯಲು ಏನೂ ಸಿಗಲ್ಲ. 'ನಿಮ್ಮ ಕೈಕೆಳಗೆ ಅಡಿಕೆ ಒಣಗಿಸುವ ಯಂತ್ರಕ್ಕೆ ತೇವಾಂಶದ ಸೆನ್ಸರ್ ಜೋಡಿಸಿದೆವು. ಸರ್ಕ್ಯೂಟ್, ಪರೀಕ್ಷೆ ನನ್ನ ಪಾಲು' ಅಂದರೆ ಒಂದು ಪ್ಯಾರಾ ಸಿಕ್ಕ ಹಾಗೆ.

ಆಮೇಲೆ ವಿಶ್ವವಿದ್ಯಾಲಯ, ಕೋರ್ಸ್, ಗಡುವನ್ನು ದಿನಾಂಕದ ಕ್ರಮದಲ್ಲಿ ಕೊಡಿ. ನ್ಯೂಯಾರ್ಕಿನ ಡಿಸೆಂಬರ್ 15ರ ರಾತ್ರಿ 11:59 ಅಂದರೆ ನಮಗೆ 16ರ ಬೆಳಗ್ಗೆ 10:29. ಸರ್‌ಗೆ ಮಾತ್ರ ಒಂದು ವಾರ ಮುಂಚಿನ ದಿನವನ್ನೇ ಕೇಳಿ.

ಅವರು ಒಪ್ಪಿದ ಮೇಲೆಯೇ ಅರ್ಜಿಯಲ್ಲಿ ಅವರ ಕಾಲೇಜು ಮೇಲ್ ಐಡಿ ತುಂಬಿ. ಸಾಮಾನ್ಯವಾಗಿ ಪತ್ರ ಹಾಕುವ ಲಿಂಕ್ ನೇರ ಅವರಿಗೇ ಹೋಗುತ್ತದೆ. ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಜಿಮೇಲ್ ನಡೆಯುತ್ತದೋ ಇಲ್ಲವೋ ಆಯಾ ವಿಶ್ವವಿದ್ಯಾಲಯದ ಮೇಲಿದೆ, ಅವರ ಪುಟದಲ್ಲಿ ನೋಡಿಕೊಳ್ಳಿ.

ನಾಲ್ಕೈದು ದಿನ ಸುಮ್ಮನಿದ್ದರೆ, ಮೇಲ್ ಪ್ರಿಂಟ್ ಹಿಡಿದು ಡಿಪಾರ್ಟ್‌ಮೆಂಟಿಗೇ ಹೋಗಿ ಕೇಳಿ.